ಪರೀಕ್ಷೆಗೆ ನಿಲ್ಲುವ ವಾಕ್ಯಗಳು: ಆಸ್ಪತ್ರೆಯ ದಾಖಲೆ ವ್ಯವಸ್ಥೆಗೆ ಟೆಂಡರು ಬರೆಯುವ ಕ್ರಮ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲವೆಂಬ ನಾಲ್ಕು ತಾಲ್ಲೂಕುಗಳಲ್ಲಿ ವ್ಯಾಧಿಪೀಡಿತರಾದವರು ಚಿಕಿತ್ಸೆಯನ್ನು ಅರಸಿ ಹಿಡಿಯುವ ದಾರಿಗಳು ಒಂದೇ ದಿಕ್ಕಿಗೆ ಮುಖಮಾಡಿದವುಗಳಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ದೊರೆಯದ ಚಿಕಿತ್ಸೆ ಬೇಕಾದಾಗ ಶ್ರೀರಂಗಪಟ್ಟಣದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಸಮೀಪವಾದರೆ, ನಾಗಮಂಗಲದವರಿಗೆ ತಮ್ಮ ತಾಲ್ಲೂಕಿನೊಳಗೇ ಇರುವ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರವಾಗುತ್ತದೆ. ಪಾಂಡವಪುರ, ಕೃಷ್ಣರಾಜಪೇಟೆಗಳಿಂದ ಜಿಲ್ಲಾ ಕೇಂದ್ರದ ಮಿಮ್ಸ್‌ಗೆ ಹೋಗುವವರೂ ಉಂಟು, ಮೈಸೂರಿಗೆ ಇಳಿಯುವವರೂ ಉಂಟು. ರೋಗಿಯು ಹೀಗೆ ಸಂಚರಿಸುತ್ತಿರಲು, ಆತನ ರೋಗದ ಪೂರ್ವವೃತ್ತಾಂತವನ್ನು ಹೊತ್ತ ಕೇಸ್ ಶೀಟು ಮಾತ್ರ ಅದು ಹುಟ್ಟಿದ ಆಸ್ಪತ್ರೆಯ ಬೀರುವಿನಲ್ಲಿಯೇ ಉಳಿದುಬಿಡುತ್ತದೆ. ಅವನೊಡನೆ ಹೋಗುವುದು ಒಂದು ರೆಫರ್ ಚೀಟಿ, ಮಡಿಚಿ ಮಡಿಚಿ ಅಕ್ಷರ ಅಳಿಸಿದ ಲ್ಯಾಬ್ ವರದಿ, ಹೆಂಗಸಾದರೆ ಒಂದು ತಾಯಿ ಕಾರ್ಡು, ಇಷ್ಟೆ.

ಈ ನಾಲ್ಕು ಊರುಗಳ ಆಸ್ಪತ್ರೆಗಳು ಒಟ್ಟಾಗಿ, ರೋಗಿಯ ದಾಖಲೆಯನ್ನು ಗಣಕಯಂತ್ರದಲ್ಲಿ ಇರಿಸತಕ್ಕ ಒಂದು ವ್ಯವಸ್ಥೆಯನ್ನು ಕೊಳ್ಳಲು ಹೊರಟಿವೆಯೆಂದು ವಿವೇಚನೆಯ ಸೌಕರ್ಯಕ್ಕಾಗಿ ಕಲ್ಪಿಸಿಕೊಳ್ಳೋಣ. ಮುಂದೆ ಬರುವ ಬಿಡ್‌ದಾರರೂ ಅವರ ಬೆಲೆಗಳೂ ಉದಾಹರಣೆಗಾಗಿ ಕಟ್ಟಿದವು. ಕ್ರಮವು ಮಾತ್ರ ನಿಜವಾದದ್ದು. ತಂತ್ರಾಂಶ ತಯಾರಕರನ್ನು ಕರೆದು, ‘ನಮಗೆ ಬೇಕಾದುದು ಇಂಥದು, ನೀವು ಇದನ್ನು ಹೇಗೆ, ಎಷ್ಟು ಬೆಲೆಗೆ, ಎಷ್ಟು ಕಾಲದಲ್ಲಿ ಒದಗಿಸಬಲ್ಲಿರಿ’ ಎಂದು ಕೇಳುವ ಪತ್ರಕ್ಕೆ ಕಚೇರಿಗಳಲ್ಲಿ ಆರ್‌ಎಫ್‌ಪಿ ಎಂಬ ಹೆಸರು ರೂಢಿಯಲ್ಲಿದೆ. ಅದನ್ನು ಬರೆಯುವುದು ಗುಮಾಸ್ತರ ಕೆಲಸವೆಂದು ತಿಳಿಯುವವರು ಬಹಳ. ವಾಸ್ತವದಲ್ಲಿ ಅದು ಅಳತೆಯ ವಿದ್ಯೆ: ಇನ್ನೂ ಕಣ್ಣಿಗೆ ಕಾಣದ ವಸ್ತುವೊಂದನ್ನು, ಅದು ಬಂದ ದಿನ ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ನಿರ್ಣಯಿಸಬಹುದಾದಂತೆ ಮುಂಚಿತವಾಗಿ ವರ್ಣಿಸುವ ವಿದ್ಯೆ.

ಬೇಕೇ ಎಂಬ ಮೊದಲ ಪ್ರಶ್ನೆ

ಪತ್ರವನ್ನು ಬರೆಯುವುದಕ್ಕೆ ಮುನ್ನ, ಅದನ್ನು ಬರೆಯುವುದೇ ಅವಶ್ಯಕವೋ ಎಂಬುದನ್ನು ಆಲೋಚಿಸಬೇಕು. ಭಾರತ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು, ಅಂದರೆ ಎನ್‌ಐಸಿಯು, ಸರ್ಕಾರಿ ಆಸ್ಪತ್ರೆಗಳಿಗಾಗಿ ‘ಇ-ಹಾಸ್ಪಿಟಲ್’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದೆ. ಕರ್ನಾಟಕದಲ್ಲಿಯೂ ಅದು ಬಳಕೆಯಲ್ಲಿದೆ. ಅಂಥದೊಂದು ಕೈಯಳವಿನಲ್ಲಿರುವಾಗ ಹೊಸದನ್ನು ಕೊಳ್ಳುವ ಸಮಿತಿಯು, ಇರುವುದರಲ್ಲಿ ನೆರವೇರದ ಕಾರ್ಯ ಯಾವುದು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಲು ಶಕ್ತವಾಗಿರಬೇಕು. ಆ ಪುಟ ತುಂಬದಿದ್ದರೆ ಟೆಂಡರು ಬೇಕಾಗಿರುವುದು ತಂತ್ರಾಂಶಕ್ಕಲ್ಲ. ಕಂಪ್ಯೂಟರು, ಮುದ್ರಣಯಂತ್ರ, ಯುಪಿಎಸ್ ಮತ್ತು ನಮೂದಿಸುವ ಸಿಬ್ಬಂದಿಗೆ. ತುಂಬಿದರೆ, ಅದೇ ಪುಟವು ಆರ್‌ಎಫ್‌ಪಿಯ ಬೀಜವಾಗುತ್ತದೆ.

ಕೊಳ್ಳುವವರು ಸರ್ಕಾರಿ ಸಂಸ್ಥೆಯಾದ ಪಕ್ಷದಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಅವರನ್ನು ಬಂಧಿಸುತ್ತದೆ. ಅದರ ಅನೇಕ ವಿಧಿಗಳೊಳಗೆ ಇಲ್ಲಿ ನಮಗೆ ಮುಖ್ಯವಾದುದು ಒಂದು: ಟೆಂಡರನ್ನು ಅಂಗೀಕರಿಸತಕ್ಕದ್ದು ಟೆಂಡರು ಪತ್ರದಲ್ಲಿಯೇ ಮೊದಲು ಪ್ರಕಟಿಸಿದ ಮಾನದಂಡಗಳ ಮೇಲೆ ಮಾತ್ರ. ಬಿಡ್‌ಗಳನ್ನು ತೆರೆದ ಮೇಲೆ ‘ಇದೊಂದು ಗುಣವನ್ನು ಕೇಳುವುದು ಮರೆತಿತ್ತು, ಈಗ ಪರಿಗಣಿಸೋಣ’ ಎನ್ನಲು ಅವಕಾಶವಿಲ್ಲ. ಆದಕಾರಣ ಪತ್ರದಲ್ಲಿ ಬರೆಯದೆ ಬಿಟ್ಟದ್ದು ಮುಂದೆ ಬೆಲೆ ತೆತ್ತು ಕೊಳ್ಳಬೇಕಾದದ್ದು. ಪತ್ರದಲ್ಲಿ ಮಸುಕಾಗಿ ಬರೆದದ್ದು ಮುಂದೆ ವ್ಯಾಜ್ಯಕ್ಕೆ ಕಾರಣವಾಗತಕ್ಕದ್ದು.

ಸೋಲಲಾರದ ವಾಕ್ಯದ ದೋಷ

ಸಾಮಾನ್ಯವಾಗಿ ಇಂಥ ಪತ್ರಗಳಲ್ಲಿ ‘ತಂತ್ರಾಂಶವು ಬಳಕೆದಾರರಿಗೆ ಸುಲಭವಾಗಿರತಕ್ಕದ್ದು’, ‘ವ್ಯವಸ್ಥೆಯು ಸುಭದ್ರವಾಗಿಯೂ ಶೀಘ್ರವಾಗಿಯೂ ಇರತಕ್ಕದ್ದು’, ‘ಕನ್ನಡಕ್ಕೆ ಸಂಪೂರ್ಣ ಬೆಂಬಲವಿರತಕ್ಕದ್ದು’ ಎಂಬಂಥ ವಾಕ್ಯಗಳು ಸಾಲುಸಾಲಾಗಿ ಕಾಣಸಿಗುತ್ತವೆ. ಇವುಗಳ ದೋಷವು ಇವು ಸುಳ್ಳೆಂಬುದಲ್ಲ. ಇವನ್ನು ಸೋಲಿಸಲು ಬರುವುದಿಲ್ಲವೆಂಬುದು. ಯಾವ ಬಿಡ್‌ದಾರನೂ ತನ್ನ ತಂತ್ರಾಂಶ ಕಠಿಣವೆಂದು ಬರೆಯಲಾರನು. ಎಲ್ಲರೂ ‘ಹೌದು’ ಎಂದೇ ಬರೆಯುವರು. ಎಲ್ಲರಿಗೂ ಪೂರ್ಣಾಂಕ ಸಲ್ಲುವುದು. ಕಡೆಗೆ ಬೆಲೆಯೊಂದೇ ನಿರ್ಣಾಯಕವಾಗಿ ಉಳಿಯುವುದು. ಅಳತೆ ಕೊಡದೆ ‘ಚೆನ್ನಾಗಿ ಹೊಲಿಯಪ್ಪ’ ಎಂದಷ್ಟೇ ಹೇಳಿ ಬಟ್ಟೆಯನ್ನು ದರ್ಜಿಯ ಕೈಗಿತ್ತು ಬಂದವನು, ಅಂಗಿ ಬಿಗಿಯಾದ ದಿನ ಜಗಳವಾಡಲು ಯಾವ ಆಧಾರವನ್ನೂ ಉಳಿಸಿಕೊಂಡಿರುವುದಿಲ್ಲ.

ಪರೀಕ್ಷೆಗೆ ನಿಲ್ಲುವ ವಾಕ್ಯದಲ್ಲಿ ನಾಲ್ಕು ಅಂಗಗಳಿರುತ್ತವೆ: ಕೆಲಸ ಮಾಡುವವರು ಯಾರು, ಎಂಥ ಸನ್ನಿವೇಶದಲ್ಲಿ, ಏನನ್ನು ಮಾಡಬೇಕು, ಎಷ್ಟರೊಳಗೆ. ‘ಸುಲಭವಾಗಿರಬೇಕು’ ಎಂಬುದರ ಬದಲಿಗೆ ‘ಒಂದು ದಿನದ ತರಬೇತಿಯನ್ನು ಮಾತ್ರ ಪಡೆದ ನೋಂದಣಿ ಕೌಂಟರಿನ ಸಿಬ್ಬಂದಿಯು, ಮೊದಲ ಬಾರಿ ಬಂದ ಹೊರರೋಗಿಯ ಹೆಸರು, ವಯಸ್ಸು, ಗ್ರಾಮ, ದೂರವಾಣಿ ಸಂಖ್ಯೆಗಳನ್ನು ಕನ್ನಡದಲ್ಲಿ ನಮೂದಿಸಿ ಒಪಿಡಿ ಚೀಟಿಯನ್ನು ಮುದ್ರಿಸಿ ಕೊಡಲು 90 ಸೆಕೆಂಡುಗಳಿಗಿಂತ ಹೆಚ್ಚು ಹಿಡಿಯಕೂಡದು’ ಎಂದು ಬರೆದುದಾದರೆ, ಗಡಿಯಾರವನ್ನು ಹಿಡಿದ ಯಾವನಾದರೂ ಅದರ ಸತ್ಯಾಸತ್ಯತೆಯನ್ನು ಹೇಳಬಲ್ಲನು. ಆ ತೊಂಬತ್ತೆಂಬ ಸಂಖ್ಯೆ ಎಲ್ಲಿಂದ ಬರಬೇಕು? ಸಮಿತಿಯವರು ಜನದಟ್ಟಣೆಯ ಸೋಮವಾರವೊಂದರಲ್ಲಿ ನಾಲ್ಕೂ ಆಸ್ಪತ್ರೆಗಳ ಕೌಂಟರಿನ ಬಳಿ ನಿಂತು, ಈಗ ಕೈಬರಹದ ಪುಸ್ತಕದಲ್ಲಿ ಒಂದು ಚೀಟಿಗೆ ಎಷ್ಟು ಕಾಲ ಹಿಡಿಯುತ್ತಿದೆ ಎಂಬುದನ್ನು ಎಣಿಸಿದರೆ ತಾನಾಗಿ ಬರುತ್ತದೆ. ಕೌಂಟರು ಎರಡು, ಬೆಳಗಿನ ನಾಲ್ಕು ಗಂಟೆಯ ಅವಧಿಯಲ್ಲಿ ಬರುವವರು ಮುನ್ನೂರು ಮಂದಿ ಎಂದಾದರೆ, ಒಬ್ಬೊಬ್ಬರಿಗೆ ಸಿಗುವ ಕಾಲ 96 ಸೆಕೆಂಡು. ಅದಕ್ಕಿಂತ ನಿಧಾನವಾದ ಯಂತ್ರವು ಸಾಲನ್ನು ಮಧ್ಯಾಹ್ನದಾಚೆಗೆ ಎಳೆಯುವುದು ನಿಶ್ಚಯ.

ಬಿಡ್‌ದಾರರ ಉತ್ತರಗಳನ್ನೂ ‘ಹೌದು’, ‘ಇಲ್ಲ’ ಎಂಬ ಎರಡೇ ಪದಗಳಿಗೆ ಬಿಡತಕ್ಕದ್ದಲ್ಲ. ಪ್ರತಿಯೊಂದು ಬೇಡಿಕೆಯ ಎದುರಿಗೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಲು ಹೇಳುವುದು ಅನುಭವಿಗಳ ಪದ್ಧತಿ: ಇಂದೇ ಸಿದ್ಧವಾಗಿದೆ, ತಂತ್ರಾಂಶದ ಹೊಂದಾಣಿಕೆಗಳನ್ನು ಬದಲಿಸಿದರೆ ಆಗುತ್ತದೆ, ಹೊಸದಾಗಿ ಬರೆಯಬೇಕು, ಆಗದು. ಮೂರನೆಯ ಉತ್ತರ ಅವಮಾನಕರವಲ್ಲ, ಆದರೆ ಅದಕ್ಕೆ ಕಾಲವೂ ಹಣವೂ ಬೇಕು. ಆ ಉತ್ತರಗಳು ಎಷ್ಟೆಂದು ಎಣಿಸಿದೊಡನೆ ತಯಾರಾದ ವಸ್ತುವನ್ನು ಕೊಳ್ಳುತ್ತಿದ್ದೇವೆಯೋ, ತಯಾರಾಗಬೇಕಾದ ವಸ್ತುವಿಗೆ ಮುಂಗಡ ಕೊಡುತ್ತಿದ್ದೇವೆಯೋ ಎಂಬುದು ಸ್ಪಷ್ಟವಾಗುತ್ತದೆ. ‘ಇಂದೇ ಸಿದ್ಧವಾಗಿದೆ’ ಎಂದು ಬರೆದದ್ದನ್ನು ಪ್ರಾತ್ಯಕ್ಷಿಕೆಯ ದಿನ ತೋರಿಸಲಾಗದಿದ್ದರೆ, ಆ ಇಡೀ ವಿಭಾಗದ ಅಂಕಗಳು ಹೋಗುವವೆಂದು ಪತ್ರದಲ್ಲಿಯೇ ತಿಳಿಸಿಟ್ಟರೆ, ಉತ್ತರ ಬರೆಯುವ ಲೇಖನಿಗಳು ತಾವಾಗಿ ಸಂಯಮವನ್ನು ಕಲಿಯುತ್ತವೆ.

ಒಂದೇ ಹೆಸರಿನ ಹಲವರು, ಹಲವು ಹೆಸರಿನ ಒಬ್ಬರು

ಆಸ್ಪತ್ರೆಯ ದಾಖಲೆ ವ್ಯವಸ್ಥೆಯಲ್ಲಿ ಅತ್ಯಂತ ಕಠಿಣವಾದ ಕಾರ್ಯವು, ಹೊರಗಿನವರು ಊಹಿಸುವಂತೆ, ಎಕ್ಸ್-ರೇ ಚಿತ್ರವನ್ನು ಕಾಪಿಡುವುದೂ ಅಲ್ಲ, ಔಷಧದ ದಾಸ್ತಾನನ್ನು ಲೆಕ್ಕಹಾಕುವುದೂ ಅಲ್ಲ. ಎದುರಿಗೆ ನಿಂತಿರುವ ವ್ಯಕ್ತಿಯು ಮೊದಲೇ ದಾಖಲಾದವಳೋ ಅಲ್ಲವೋ ಎಂಬುದನ್ನು ಅರಿಯುವುದು. ಈ ಸೀಮೆಯ ಯಾವುದೇ ಪಹಣಿಯನ್ನೋ ಮತದಾರರ ಪಟ್ಟಿಯನ್ನೋ ತೆರೆದು ನೋಡಿದವರಿಗೆ ಇದರ ಕಷ್ಟ ತಿಳಿದೇ ಇರುತ್ತದೆ. ಒಂದೇ ಗ್ರಾಮದಲ್ಲಿ ನಾಲ್ವರು ಜಯಮ್ಮಂದಿರು, ಐವರು ಬೋರೇಗೌಡರು. ಅವರನ್ನು ಬೇರ್ಪಡಿಸುವುದು ‘ಬಿನ್’ ಇಂಥವನು, ‘ಕೋಂ’ ಇಂಥವನು ಎಂಬ ಸಂಬಂಧಸೂಚಕ ಮಾತ್ರ. ಇದರ ಮೇಲೆ, ಒಬ್ಬಳೇ ಹೆಂಗಸು ಆಧಾರ್ ಚೀಟಿಯಲ್ಲಿ ಲಿಂಗಮ್ಮ, ಬಾಯಲ್ಲಿ ನಿಂಗಮ್ಮ. ಒಬ್ಬನೇ ಗಂಡಸು ಶಾಲೆಯ ಪತ್ರದಲ್ಲಿ ಹನುಮಂತೇಗೌಡ, ಕೌಂಟರಿನಲ್ಲಿ ಹೇಳುವಾಗ ಅನುಮಂತೇಗೌಡ. ವಯಸ್ಸಂತೂ ‘ಒಂದು ಅರವತ್ತು ಬರಕೊಳ್ಳಿ’ ಎಂಬಲ್ಲಿಗೆ ನಿಲ್ಲುವುದು.

ಹೆಸರುಗಳ ಧ್ವನಿಸಾಮ್ಯವನ್ನು ಕಂಡುಹಿಡಿಯಲು ಇಂಗ್ಲಿಷಿನಲ್ಲಿ ಬಹು ಹಿಂದಿನಿಂದ ಬಳಕೆಯಲ್ಲಿರುವ ‘ಸೌಂಡೆಕ್ಸ್’ ಎಂಬ ವಿಧಾನವೊಂದುಂಟು. 1918ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಉಳಿಸಿಕೊಂಡು, ಮಿಕ್ಕ ವ್ಯಂಜನಗಳನ್ನು ಗುಂಪುಗಳಾಗಿ ವಿಂಗಡಿಸಿ ಅಂಕೆಗಳಾಗಿಸುವುದು ಅದರ ತತ್ತ್ವ. ನಮ್ಮ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದು ಅದಕ್ಕೊಪ್ಪಿಸಿದರೆ ಆಗುವುದಿಷ್ಟು:

```
Lakshmamma   L255
Laxmamma     L255
Lingamma     L525
Ningamma     N525
```

ಲಕ್ಷ್ಮಮ್ಮನ ಎರಡು ಕಾಗುಣಿತಗಳನ್ನು ಒಂದೆಂದು ಗುರುತಿಸುವ ಈ ಯಂತ್ರವು, ಲಿಂಗಮ್ಮ ನಿಂಗಮ್ಮರನ್ನು ಇಬ್ಬರನ್ನಾಗಿಸುತ್ತದೆ. ಮೊದಲ ಅಕ್ಷರವನ್ನು ಅದು ಮುಟ್ಟುವುದಿಲ್ಲವಾದುದರಿಂದ ಹನುಮಂತನೂ ಅನುಮಂತನೂ ಅದಕ್ಕೆ ಎಂದಿಗೂ ಒಂದಾಗಲಾರರು. ಆದುದರಿಂದ ‘ಧ್ವನಿಸಾಮ್ಯದ ಹುಡುಕಾಟ ಇರತಕ್ಕದ್ದು’ ಎಂದು ಬರೆದು ಬಿಡ್‌ದಾರನಿಂದ ‘ಇದೆ’ ಎಂಬ ಉತ್ತರವನ್ನು ಪಡೆದ ಸಮಿತಿಯು ವಸ್ತುತಃ ಏನನ್ನೂ ಪಡೆದಿರುವುದಿಲ್ಲ.

ಇದಕ್ಕೆ ಪರೀಕ್ಷೆಯನ್ನು ಹೀಗೆ ಕಟ್ಟಬಹುದು. ಈ ಸೀಮೆಯಲ್ಲಿ ವಾಡಿಕೆಯಲ್ಲಿರುವ ಹೆಸರುಗಳನ್ನು ಬಳಸಿ 500 ಮಂದಿ ಕಲ್ಪಿತ ರೋಗಿಗಳ ಪಟ್ಟಿಯೊಂದನ್ನು ಸಮಿತಿಯೇ ರಚಿಸಬೇಕು; ನಿಜವಾದ ರೋಗಿಗಳ ವಿವರವನ್ನು ಬಿಡ್‌ದಾರರ ಕೈಗೆ ಕೊಡುವುದು ವೈದ್ಯಧರ್ಮಕ್ಕೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯಕ್ಕೂ ವಿರುದ್ಧ. ಆ ಪಟ್ಟಿಯಲ್ಲಿ 40 ಜೋಡಿಗಳು ಒಬ್ಬನೇ ವ್ಯಕ್ತಿಯ ಎರಡು ಬಗೆಯ ನಮೂದುಗಳಾಗಿರಲಿ. ಬೇರೆ 40 ಜೋಡಿಗಳು ಒಂದೇ ಹೆಸರಿನ, ಒಂದೇ ಗ್ರಾಮದ, ಆದರೆ ಬೇರೆ ಬೇರೆ ವ್ಯಕ್ತಿಗಳಾಗಿರಲಿ. ಮೊದಲ ಬಗೆಯ ಜೋಡಿಗಳಲ್ಲಿ 36ನ್ನಾದರೂ ತಂತ್ರಾಂಶವು ‘ಇವರೇ ಇರಬಹುದು’ ಎಂದು ಸಿಬ್ಬಂದಿಯ ಕಣ್ಣೆದುರು ತರಬೇಕು. ಎರಡನೆಯ ಬಗೆಯಲ್ಲಿ ಒಂದನ್ನೂ ತಾನಾಗಿ ಒಂದುಗೂಡಿಸಕೂಡದು.

ಈ ಎರಡು ಮಿತಿಗಳು ಸಮನಾಗಿಲ್ಲದಿರುವುದಕ್ಕೆ ಕಾರಣವಿದೆ. ಒಬ್ಬಳ ದಾಖಲೆ ಎರಡಾಗಿ ಒಡೆದರೆ ಹಳೆಯ ವರದಿ ಕಾಣದೆ ರಕ್ತಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕಾದೀತು. ಇಬ್ಬರ ದಾಖಲೆ ಒಂದಾಗಿ ಬೆರೆತರೆ, ಒಬ್ಬಳ ರಕ್ತದ ಗುಂಪು ಇನ್ನೊಬ್ಬಳ ಹೆಸರಿಗೆ ಅಂಟಿ, ಒಬ್ಬಳಿಗೆ ಪೆನಿಸಿಲಿನ್ ಆಗದೆಂಬ ಎಚ್ಚರಿಕೆ ಮತ್ತೊಬ್ಬಳ ಪುಟದಲ್ಲಿ ಹುದುಗಿ, ಪ್ರಾಣಕ್ಕೇ ಸಂಚಕಾರ ಬಂದೀತು. ಆದುದರಿಂದಲೇ ಒಂದುಗೂಡಿಸುವ ನಿರ್ಣಯವು ಮನುಷ್ಯನದೇ ಆಗಿರತಕ್ಕದ್ದೆಂದೂ, ತಪ್ಪಾಗಿ ಒಂದುಗೂಡಿಸಿದ ದಾಖಲೆಗಳನ್ನು ಯಾವ ಪುಟವೂ ಕಳೆಯದಂತೆ ಮರಳಿ ಬೇರ್ಪಡಿಸಲು ಬರತಕ್ಕದ್ದೆಂದೂ ಬರೆಯಬೇಕು. ಈ ಎರಡನೆಯ ಷರತ್ತನ್ನು ಪತ್ರಗಳು ಮರೆಯುವುದು ಹೆಚ್ಚು. ಪ್ರಾತ್ಯಕ್ಷಿಕೆಯಲ್ಲಿ ಅದನ್ನು ಕೇಳಿದೊಡನೆ ಮಾರಾಟಗಾರನು ‘ಅದು ಮುಂದಿನ ಆವೃತ್ತಿಯಲ್ಲಿ’ ಎಂದರೆ ಉತ್ತರ ‘ಆಗದು’ ಎಂದೇ ಗ್ರಹಿಸಬೇಕು.

ಹದಿನಾಲ್ಕು ಅಂಕೆಗಳ ‘ಆಭಾ’ ಸಂಖ್ಯೆ ಇರುವಾಗ ಈ ತೊಡಕೇಕೆ ಎಂದು ಕೇಳುವವರುಂಟು. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆ ಸಂಖ್ಯೆಯನ್ನು ಕೊಡುತ್ತಿರುವುದೇನೋ ನಿಜ. ಆದರೆ ಅದು ಐಚ್ಛಿಕ, ಅದಿಲ್ಲದವರಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಅಪಘಾತದಲ್ಲಿ ಪ್ರಜ್ಞೆ ತಪ್ಪಿ ಬಂದವನು ಅದನ್ನು ಹೇಳಲೂ ಆರನು. ಸಂಖ್ಯೆ ಇದ್ದವರಿಗೆ ಅದನ್ನು ಜೋಡಿಸುವ ಸೌಕರ್ಯವನ್ನು ಕೇಳಬೇಕು; ಅದರ ಮೇಲೆಯೇ ಕಟ್ಟಡವನ್ನು ಕಟ್ಟಬಾರದು.

ವಿದ್ಯುತ್ತು ಹೋದ ಗಳಿಗೆ

‘ವ್ಯವಸ್ಥೆಯು ನೂರಕ್ಕೆ 99ರಷ್ಟು ಕಾಲ ಲಭ್ಯವಿರತಕ್ಕದ್ದು’ ಎಂಬ ವಾಕ್ಯದಲ್ಲಿ ಸಂಖ್ಯೆಯಿದೆ. ಆದುದರಿಂದ ಅದು ಪರೀಕ್ಷೆಗೆ ನಿಲ್ಲುವ ವಾಕ್ಯದಂತೆ ತೋರುತ್ತದೆ. ಲೆಕ್ಕವನ್ನು ಬಿಡಿಸಿ ನೋಡೋಣ. ಮೂವತ್ತು ದಿನದ ತಿಂಗಳಿಗೆ 720 ಗಂಟೆ. ಅದರಲ್ಲಿ ನೂರಕ್ಕೆ ಒಂದು ಪಾಲು 7.2 ಗಂಟೆ. ಹೊರರೋಗಿ ವಿಭಾಗವು ದಿನಕ್ಕೆ ಏಳು ಗಂಟೆ ತೆರೆದಿರುವುದೆಂದು ಇಟ್ಟುಕೊಂಡರೆ, ಒಂದು ಇಡೀ ಸೋಮವಾರ ಬೆಳಗಿನಿಂದ ಸಂಜೆಯವರೆಗೆ ಯಂತ್ರ ಮೌನವಾಗಿದ್ದರೂ ಗುತ್ತಿಗೆದಾರನು ಮಾತಿಗೆ ತಪ್ಪಿದವನಾಗುವುದಿಲ್ಲ! ನಾಲ್ಕು ಆಸ್ಪತ್ರೆಗಳ ಸರಾಸರಿಯನ್ನು ತೆಗೆದುಕೊಳ್ಳುವುದೆಂದಾದರೆ ಇನ್ನೂ ಅನುಕೂಲ. ಮೂರು ಕಡೆ ಸರಿಯಾಗಿದ್ದು ಕೃಷ್ಣರಾಜಪೇಟೆಯೊಂದರಲ್ಲಿ ಅಂಥ ನಾಲ್ಕು ಸೋಮವಾರಗಳು ಹಾಳಾದರೂ ಲೆಕ್ಕ ಕೂಡುತ್ತದೆ.

ಅದೇ ಬೇಡಿಕೆಯನ್ನು ‘ಪ್ರತಿಯೊಂದು ಆಸ್ಪತ್ರೆಗೂ ಪ್ರತ್ಯೇಕವಾಗಿ, ಹೊರರೋಗಿ ವೇಳೆಯಲ್ಲಿ ಮಾತ್ರ ಅಳೆದಂತೆ, ನೂರಕ್ಕೆ 99.5, ಒಂದೇ ಬಾರಿಗೆ ಅರ್ಧಗಂಟೆ ಮೀರಿದ ಅಡಚಣೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಇರಕೂಡದು’ ಎಂದು ತಿದ್ದಿದರೆ, ಇಪ್ಪತ್ತೈದು ಕೆಲಸದ ದಿನಗಳ 175 ಗಂಟೆಗಳಲ್ಲಿ ಕ್ಷಮ್ಯವಾದ ವಿರಾಮ ಸುಮಾರು 52 ನಿಮಿಷಕ್ಕೆ ಇಳಿಯುತ್ತದೆ. ಹೆರಿಗೆ ಕೋಣೆಗೂ ತುರ್ತು ಚಿಕಿತ್ಸೆಗೂ ಹಗಲಿರುಳಿನ ಭೇದವಿಲ್ಲವಾದುದರಿಂದ ಅವಕ್ಕೆ ಬೇರೆ ಸಾಲನ್ನೇ ಬರೆಯತಕ್ಕದ್ದು. ಅಳೆಯುವವನು ಗುತ್ತಿಗೆದಾರನಲ್ಲ, ಆಸ್ಪತ್ರೆಯ ಕಡೆಯ ಸಾಧನವೆಂಬುದನ್ನೂ ಹೇಳಿರಬೇಕು.

ಎಷ್ಟು ಬಿಗಿಯಾಗಿ ಬರೆದರೂ ತಂತಿ ಕಡಿಯುವುದು ನಿಲ್ಲುವುದಿಲ್ಲ. ಜಾಲದ ಸಂಪರ್ಕ ತಪ್ಪಿದಾಗ ಆಸ್ಪತ್ರೆಯೊಳಗಿನ ಕೆಲಸ ನಿಲ್ಲದಿರಬೇಕೆಂದರೆ, ನೋಂದಣಿಗೆ ಬೇಕಾದಷ್ಟು ದತ್ತಾಂಶವೂ ಒಳರೋಗಿಗಳ ದಾಖಲೆಯೂ ಸ್ಥಳೀಯ ಸರ್ವರಿನಲ್ಲಿ ಇರಬೇಕು. ಸಂಪರ್ಕ ಮರಳಿದಾಗ ಅದು ಕೇಂದ್ರದೊಡನೆ ಸರಿಹೊಂದಿಕೊಳ್ಳಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು: ಸಂಪರ್ಕವಿಲ್ಲದ ವೇಳೆಯಲ್ಲಿ ನಾಗಮಂಗಲವೂ ಪಾಂಡವಪುರವೂ ತಮ್ಮ ತಮ್ಮಲ್ಲಿ ಹೊಸ ರೋಗಿಗೆ ಒಂದೇ ನೋಂದಣಿ ಸಂಖ್ಯೆಯನ್ನು ಕೊಟ್ಟುಬಿಟ್ಟರೆ, ಸರಿಹೊಂದುವಾಗ ಒಬ್ಬನು ಮತ್ತೊಬ್ಬನನ್ನು ಅಳಿಸಿಹಾಕುವನು. ಪ್ರತಿಯೊಂದು ಆಸ್ಪತ್ರೆಗೂ ಸಂಖ್ಯೆಗಳ ಪ್ರತ್ಯೇಕ ಶ್ರೇಣಿಯನ್ನು ಮೊದಲೇ ಹಂಚಿಡುವುದರಿಂದ ಈ ಅಪಾಯ ತಪ್ಪುತ್ತದೆ. ಇದರ ಪರೀಕ್ಷೆಯೂ ಸರಳ: ಪ್ರಾತ್ಯಕ್ಷಿಕೆಯ ನಡುವೆ ಜಾಲದ ತಂತಿಯನ್ನು ಕೀಳುವುದು, ಎರಡು ಕಂಪ್ಯೂಟರುಗಳಲ್ಲಿ ಇಪ್ಪತ್ತಿಪ್ಪತ್ತು ರೋಗಿಗಳನ್ನು ದಾಖಲಿಸುವುದು, ತಂತಿಯನ್ನು ಮರಳಿ ಜೋಡಿಸುವುದು, ಕೇಂದ್ರದಲ್ಲಿ ನಲವತ್ತು ಹೆಸರುಗಳೂ ಇವೆಯೋ ಎಂದು ಎಣಿಸುವುದು.

ದೊಡ್ಡವರಿಗೆ ಬಾರದ ವಿಪತ್ತು ಇದಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ರ‍್ಯಾನ್ಸಮ್‌ವೇರ್ ದಾಳಿಗೆ ತುತ್ತಾಗಿ, ನೋಂದಣಿಯಿಂದ ಲ್ಯಾಬ್ ವರದಿಯವರೆಗಿನ ಕಾರ್ಯಗಳನ್ನು ದಿನಗಟ್ಟಲೆ ಕೈಬರಹದಲ್ಲಿಯೇ ನಡೆಸಬೇಕಾಯಿತು. ಆದುದರಿಂದ ಆರ್‌ಎಫ್‌ಪಿಯು ಕಾಗದದ ನಮೂನೆಗಳನ್ನೂ ಕೇಳಬೇಕು: ಯಂತ್ರ ನಿಂತ ದಿನ ತುಂಬತಕ್ಕ ಮುದ್ರಿತ ಹಾಳೆ, ಮತ್ತು ಯಂತ್ರ ಎದ್ದ ಮೇಲೆ ಆ ಹಾಳೆಗಳಲ್ಲಿದ್ದುದನ್ನು ನಿಜವಾದ ದಿನಾಂಕ, ವೇಳೆಗಳೊಡನೆ ಒಳಸೇರಿಸುವ ಪರದೆ.

ಅಂಕಗಳ ತಕ್ಕಡಿ

ಬೇಡಿಕೆಗಳನ್ನು ಎಷ್ಟು ಚೆನ್ನಾಗಿ ಬರೆದರೂ, ಅಂಕ ಹಂಚುವ ಪುಟವು ಅವುಗಳ ಶ್ರಮವನ್ನೆಲ್ಲ ವ್ಯರ್ಥಗೊಳಿಸಬಲ್ಲದು. ಎರಡು ಲಕೋಟೆಯ ಪದ್ಧತಿಯಲ್ಲಿ ತಾಂತ್ರಿಕ ಬಿಡ್ ಮೊದಲು, ಬೆಲೆಯ ಬಿಡ್ ಅನಂತರ ತೆರೆಯುವುದು. ತಾಂತ್ರಿಕವಾಗಿ ತೇರ್ಗಡೆಯಾದವರಲ್ಲಿ ಕನಿಷ್ಠ ಬೆಲೆಯವನಿಗೆ, ಕಚೇರಿಯ ಮಾತಿನಲ್ಲಿ ಎಲ್-1ಗೆ, ಕೆಲಸ ಕೊಡುವುದು ಒಂದು ಕ್ರಮ. ಗುಣಕ್ಕೂ ಬೆಲೆಗೂ ತೂಕವನ್ನಿತ್ತು ಕೂಡಿಸುವುದು ಇನ್ನೊಂದು ಕ್ರಮ. ಎರಡನೆಯದರಲ್ಲಿ ತೂಕದ ಪ್ರಮಾಣವು ಎಷ್ಟು ನಿರ್ಣಾಯಕವೆಂಬುದನ್ನು ಒಂದು ಲೆಕ್ಕದಿಂದ ನೋಡಬಹುದು.

ಮೊದಲನೆಯ ಬಿಡ್‌ದಾರನಿಗೆ ತಾಂತ್ರಿಕ ಅಂಕ 90, ಬೆಲೆ ಒಂದೂವರೆ ಕೋಟಿ. ಎರಡನೆಯವನಿಗೆ ಅಂಕ 75, ಬೆಲೆ ಒಂದು ಕೋಟಿ ಎಂದಿಟ್ಟುಕೊಳ್ಳೋಣ. ಕನಿಷ್ಠ ಬೆಲೆಯನ್ನು ಅವರವರ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬೆಲೆಯ ಅಂಕ ಬರುತ್ತದೆ: ಎರಡನೆಯವನಿಗೆ 100, ಮೊದಲನೆಯವನಿಗೆ 66.7. ಗುಣಕ್ಕೆ 70, ಬೆಲೆಗೆ 30ರ ತೂಕವಿತ್ತರೆ ಮೊದಲನೆಯವನ ಮೊತ್ತ 63 ಕೂಡಿಸು 20, ಅಂದರೆ 83, ಎರಡನೆಯವನದು 52.5 ಕೂಡಿಸು 30, ಅಂದರೆ 82.5. ಕೂದಲೆಳೆಯ ಅಂತರದಲ್ಲಿ ಮೊದಲನೆಯವನು ಗೆಲ್ಲುತ್ತಾನೆ. ತೂಕವನ್ನು 60 ಮತ್ತು 40 ಎಂದು ಬದಲಿಸಿದೊಡನೆ ಮೊದಲನೆಯವನು 80.7ಕ್ಕೆ ಇಳಿದು, ಎರಡನೆಯವನು 85ಕ್ಕೆ ಏರುತ್ತಾನೆ. ವಸ್ತು ಬದಲಾಗಲಿಲ್ಲ, ಬೆಲೆ ಬದಲಾಗಲಿಲ್ಲ, ಗೆದ್ದವನು ಬದಲಾದನು. ಆದಕಾರಣವೇ ಈ ಪ್ರಮಾಣವನ್ನು ಬಿಡ್ ತೆರೆಯುವ ಮುನ್ನ ಪ್ರಕಟಿಸುವುದು ಅನಿವಾರ್ಯ. ಮತ್ತು ಪ್ರಕಟಿಸುವ ಮುನ್ನ ಸಮಿತಿಯು ಇಂಥ ಕಲ್ಪಿತ ಬಿಡ್‌ಗಳನ್ನು ನಾಲ್ಕಾರು ಬಗೆಯಲ್ಲಿ ಲೆಕ್ಕಹಾಕಿ, ತನ್ನ ತಕ್ಕಡಿ ಎತ್ತ ವಾಲುತ್ತದೆ ಎಂಬುದನ್ನು ಅರಿತಿರುವುದು ವಿವೇಕ.

ಆ 90, 75 ಎಂಬ ತಾಂತ್ರಿಕ ಅಂಕಗಳು ಯಾವುದರಿಂದ ಬಂದವೆಂಬುದು ಇನ್ನೂ ಮುಖ್ಯ. ವಾರ್ಷಿಕ ವಹಿವಾಟು, ಪ್ರಮಾಣಪತ್ರಗಳು, ಹಿಂದಿನ ಗುತ್ತಿಗೆಗಳ ಸಂಖ್ಯೆ ಇವುಗಳಿಗೆ ಬಹುಪಾಲು ಅಂಕಗಳನ್ನು ಕೊಟ್ಟರೆ ಅಳೆದದ್ದು ಸಂಸ್ಥೆಯ ಗಾತ್ರವನ್ನು, ತಂತ್ರಾಂಶದ ಗುಣವನ್ನಲ್ಲ. ಅಂಥ ಅರ್ಹತೆಗಳನ್ನು ಬಾಗಿಲಲ್ಲಿಯೇ ‘ಉಂಟು’, ‘ಇಲ್ಲ’ ಎಂದು ಪರಿಶೀಲಿಸಿ, ಅಂಕಗಳನ್ನು ಪ್ರಾತ್ಯಕ್ಷಿಕೆಗೆ ಮೀಸಲಿಡುವುದು ಲೇಸು. ಆ ಅರ್ಹತೆಗಳನ್ನು ಮಿತಿಮೀರಿ ಏರಿಸಿದರೆ ಒಬ್ಬನೇ ಬಿಡ್‌ದಾರ ಉಳಿಯುವ ಸಂಭವವಿದೆ. ಬಿಡ್ ಸಲ್ಲಿಕೆಗೆ ಮುನ್ನ ನಡೆಯುವ ಪ್ರೀ-ಬಿಡ್ ಸಭೆಯಲ್ಲಿ ಹಲವು ಸಂಸ್ಥೆಗಳು ಒಂದೇ ಷರತ್ತಿನ ಮೇಲೆ ಪ್ರಶ್ನೆಯೆತ್ತಿದರೆ ಅದು ಈ ದೋಷದ ಲಕ್ಷಣ. ಅಲ್ಲಿ ಕೇಳಿದ ಪ್ರಶ್ನೆಗೂ ಕೊಟ್ಟ ಉತ್ತರಕ್ಕೂ ಲಿಖಿತ ರೂಪವಿತ್ತು ಎಲ್ಲ ಬಿಡ್‌ದಾರರಿಗೂ ತಿಳಿಸತಕ್ಕದ್ದು. ಒಬ್ಬನಿಗೆ ಮಾತ್ರ ಫೋನಿನಲ್ಲಿ ಹೇಳಿದ ವಿವರಣೆ ಇಡೀ ಟೆಂಡರನ್ನೇ ಕೆಡಿಸಬಲ್ಲದು.

ಪ್ರಾತ್ಯಕ್ಷಿಕೆಯನ್ನೂ ಬಿಡ್‌ದಾರನ ಇಚ್ಛೆಗೆ ಬಿಡದೆ ಸಮಿತಿಯೇ ಕಥೆಯನ್ನು ಬರೆದುಕೊಡಬೇಕು. ಕೃಷ್ಣರಾಜಪೇಟೆಯಲ್ಲಿ ತಾಯಿ ಕಾರ್ಡಿನೊಡನೆ ಬಂದ ಒಬ್ಬ ಕಲ್ಪಿತ ಗರ್ಭಿಣಿ, ಆಕೆಯ ನೋಂದಣಿ, ಹಿಮೋಗ್ಲೋಬಿನ್ ಪರೀಕ್ಷೆಗೆ ವೈದ್ಯರ ಸೂಚನೆ, ಲ್ಯಾಬಿನಿಂದ ಫಲಿತಾಂಶ, ಪೆನಿಸಿಲಿನ್ ಆಗದೆಂಬ ದಾಖಲೆ, ಆ ಬಳಿಕ ವೈದ್ಯರು ಅದೇ ವರ್ಗದ ಔಷಧವನ್ನು ಬರೆಯಲು ಹೋದಾಗ ಎಚ್ಚರಿಕೆ ಬರುವುದೋ ಇಲ್ಲವೋ, ಕಡೆಗೆ ಮಿಮ್ಸ್‌ಗೆ ರೆಫರ್ ಮಾಡುವ ಸಾರಾಂಶ. ಮಿಮ್ಸ್ ಆಗಲಿ, ಮೈಸೂರು, ಬಿ.ಜಿ. ನಗರಗಳಾಗಲಿ ನಮ್ಮ ತಂತ್ರಾಂಶವನ್ನೇ ಬಳಸುತ್ತವೆಂಬ ಭರವಸೆಯಿಲ್ಲ. ಆದುದರಿಂದ ಆ ಸಾರಾಂಶವು ಕಾಗದದಲ್ಲಿಯೂ, ಡಿಜಿಟಲ್ ಮಿಷನ್ ಅಂಗೀಕರಿಸಿರುವ ‘ಫೈರ್’ ಎಂಬ ವಿನಿಮಯ ಮಾನಕದಲ್ಲಿಯೂ ಹೊರಬರತಕ್ಕದ್ದು. ಕೀಲಿಮಣೆಯ ಮುಂದೆ ಕೂರಬೇಕಾದವರು ಬಿಡ್‌ದಾರನ ನುರಿತ ಪ್ರತಿನಿಧಿಯಲ್ಲ, ಆಸ್ಪತ್ರೆಯ ಶುಶ್ರೂಷಕಿ ಮತ್ತು ನೋಂದಣಿ ಸಿಬ್ಬಂದಿ.

ಬೆಲೆಯ ಲಕೋಟೆಯ ವಿಷಯದಲ್ಲಿ ಒಂದೇ ಮಾತು ಸಾಕು: ಐದು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಬೇಕೇ ಹೊರತು ಮೊದಲ ವರ್ಷದ ಬೆಲೆಯನ್ನಲ್ಲ. ಮೊದಲು ಅಗ್ಗವಾಗಿ ಕೊಟ್ಟು, ನಿರ್ವಹಣೆಯ ವಾರ್ಷಿಕ ಶುಲ್ಕದಲ್ಲಿಯೂ, ‘ಇದು ಹೊಸ ಕೆಲಸ’ ಎಂದು ಕೇಳುವ ಹೆಚ್ಚುವರಿ ಹಣದಲ್ಲಿಯೂ ಅದನ್ನು ತುಂಬಿಕೊಳ್ಳುವುದು ವ್ಯಾಪಾರದ ಹಳೆಯ ಮರ್ಮ. ಬದಲಾವಣೆಯ ಕೆಲಸಕ್ಕೆ ಒಬ್ಬ ತಂತ್ರಜ್ಞನ ದಿನವೊಂದರ ದರವನ್ನು ಈಗಲೇ ಕೇಳಿ, ಐದು ವರ್ಷಕ್ಕೆ ಇನ್ನೂರು ದಿನವೆಂದು ಊಹಿಸಿ ಒಟ್ಟು ಬೆಲೆಯಲ್ಲಿ ಸೇರಿಸಿಬಿಟ್ಟರೆ ಆ ಮರ್ಮಕ್ಕೆ ಎಡೆಯಿರುವುದಿಲ್ಲ.

ಅಗಲಿಕೆಯ ಷರತ್ತು

ಕೊಳ್ಳುವ ಉತ್ಸಾಹದಲ್ಲಿರುವವರು ಬಿಟ್ಟುಹೋಗುವ ದಿನವನ್ನು ನೆನೆಯುವುದಿಲ್ಲ. ಆದರೆ ಐದು ವರ್ಷದ ಗುತ್ತಿಗೆ ಮುಗಿದ ಮೇಲೆ ನಾಲ್ಕು ಆಸ್ಪತ್ರೆಗಳ ಲಕ್ಷಾಂತರ ಭೇಟಿಗಳ ವೃತ್ತಾಂತವು ಒಬ್ಬ ತಯಾರಕನ ಗೂಢ ವಿನ್ಯಾಸದೊಳಗೆ ಸಿಕ್ಕಿಕೊಂಡಿದ್ದರೆ, ಮುಂದಿನ ಟೆಂಡರು ಹೆಸರಿಗೆ ಮಾತ್ರ ಸ್ಪರ್ಧೆಯಾಗುತ್ತದೆ; ಬೇರೆ ಯಾರು ಬಂದರೂ ಹಳೆಯ ದಾಖಲೆ ಅವರಿಗೆ ಅಲಭ್ಯ. ‘ದತ್ತಾಂಶದ ಒಡೆತನ ಆಸ್ಪತ್ರೆಯದು’ ಎಂಬ ಘೋಷಣೆಯಿಂದ ಇದು ಪರಿಹಾರವಾಗದು. ಒಡೆತನವಿದ್ದೂ ಓದಲಾಗದ ವಸ್ತು ಒಡೆಯನಿಗೆ ನಿರುಪಯುಕ್ತ. ದಾಖಲೆಗಳನ್ನೆಲ್ಲ ಪಿಡಿಎಫ್ ಚಿತ್ರಗಳಾಗಿ ಮಾಡಿ ಒಂದು ಡಿಸ್ಕಿನಲ್ಲಿ ತುಂಬಿಕೊಟ್ಟರೂ ಗುತ್ತಿಗೆದಾರನು ಮಾತು ಉಳಿಸಿಕೊಂಡಂತೆಯೇ. ಆದರೆ ಆ ಚಿತ್ರಗಳೊಳಗಿನ ರಕ್ತದೊತ್ತಡದ ಅಂಕೆಯನ್ನು ಹೊಸ ಯಂತ್ರವು ನೇರವಾಗಿ ಅಂಕೆಯೆಂದು ಗ್ರಹಿಸಲಾರದು.

ಆದುದರಿಂದ ಇದನ್ನೂ ಪರೀಕ್ಷೆಗೆ ನಿಲ್ಲುವಂತೆಯೇ ಬರೆಯಬೇಕು. ಪ್ರತಿವರ್ಷವೂ ಒಮ್ಮೆ, ಹೆಚ್ಚಿನ ಹಣ ಕೇಳದೆ, ಸಕಲ ದತ್ತಾಂಶವನ್ನೂ ಮುಕ್ತ ವಿನ್ಯಾಸದಲ್ಲಿ, ಕನ್ನಡ ಪಠ್ಯವು ಯೂನಿಕೋಡಿನಲ್ಲಿರುವಂತೆ, ಪ್ರತಿಯೊಂದು ಕಾಲಂ ಏನನ್ನು ಸೂಚಿಸುತ್ತದೆಂಬ ಲಿಖಿತ ವಿವರಣೆಯೊಡನೆ ಗುತ್ತಿಗೆದಾರನು ಆಸ್ಪತ್ರೆಗೆ ಒಪ್ಪಿಸತಕ್ಕದ್ದು. ಗುತ್ತಿಗೆದಾರನಿಗೆ ಸಂಬಂಧವಿಲ್ಲದ ತಂತ್ರಜ್ಞನೊಬ್ಬನು, ಆ ವಿವರಣೆಯನ್ನು ಮಾತ್ರ ಆಧಾರವಾಗಿಟ್ಟುಕೊಂಡು, ಅದನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆಯತಕ್ಕದ್ದು. ರೋಗಿಗಳ ಸಂಖ್ಯೆ, ಭೇಟಿಗಳ ಸಂಖ್ಯೆ, ಲ್ಯಾಬ್ ಫಲಿತಾಂಶಗಳ ಸಂಖ್ಯೆ ಈ ಮೂರೂ ಮೂಲದೊಡನೆ ತಾಳೆಯಾಗತಕ್ಕದ್ದು. ಅದರ ಮೇಲೆ ಐವತ್ತು ರೋಗಿಗಳ ದಾಖಲೆಗಳನ್ನು ಯಾದೃಚ್ಛಿಕವಾಗಿ ಆರಿಸಿ, ಆಸ್ಪತ್ರೆಯ ದಾಖಲೆ ವಿಭಾಗದವರು ಪರದೆಯ ಪುಟಕ್ಕೂ ಹೊರತೆಗೆದ ಪುಟಕ್ಕೂ ಸಾಲುಸಾಲಾಗಿ ಹೋಲಿಸತಕ್ಕದ್ದು. ಹೊರತೆಗೆದ ಪ್ರತಿಯು ಆಸ್ಪತ್ರೆಯ ಸ್ವಾಧೀನದಿಂದ ಹೊರಹೋಗಕೂಡದು. ತಾಳೆಯಾಗದೆ ಉಳಿದ ವರ್ಷ, ಆ ವರ್ಷದ ನಿರ್ವಹಣಾ ಶುಲ್ಕದ ಕಡೆಯ ಕಂತು ಸಲ್ಲುವುದಿಲ್ಲ.

ಇಷ್ಟನ್ನು ಬರೆದ ಪತ್ರವು ಬಿಡ್‌ದಾರನನ್ನು ಆರಿಸಿದ ಮೇಲೆ ಕಡತದಲ್ಲಿ ಮಲಗುವುದಿಲ್ಲ. ತೊಂಬತ್ತು ಸೆಕೆಂಡಿನ ಚೀಟಿ, ನಲವತ್ತು ಜೋಡಿ ಹೆಸರುಗಳು, ಕಿತ್ತ ತಂತಿ, ಕೃಷ್ಣರಾಜಪೇಟೆಯ ಗರ್ಭಿಣಿಯ ಕಥೆ ಇವೆಲ್ಲವನ್ನೂ ತಂತ್ರಾಂಶ ಸ್ಥಾಪನೆಯಾದ ದಿನ ನಾಲ್ಕೂ ಆಸ್ಪತ್ರೆಗಳಲ್ಲಿ, ಅಲ್ಲಿನ ಸಿಬ್ಬಂದಿಯ ಕೈಯಿಂದಲೇ ಮತ್ತೊಮ್ಮೆ ನಡೆಸಬೇಕು. ಹಣದ ಕಂತುಗಳನ್ನು ‘ಸರಬರಾಜಾಯಿತು’ ಎಂಬ ರಸೀತಿಗೆ ಕಟ್ಟದೆ ಈ ಪರೀಕ್ಷೆಗಳ ತೇರ್ಗಡೆಗೆ ಕಟ್ಟಿರಬೇಕು. ಬೇಡಿಕೆ, ಪ್ರಾತ್ಯಕ್ಷಿಕೆ, ಅಂಗೀಕಾರ, ಪಾವತಿ ಈ ನಾಲ್ಕಕ್ಕೂ ಒಂದೇ ವಾಕ್ಯಪಟ್ಟಿ ಆಧಾರವಾಗಿದ್ದರೆ, ಒಂದು ವರ್ಷದ ಬಳಿಕ ‘ನಾವು ಕೇಳಿದ್ದು ಇದಲ್ಲ’ ಎಂದು ಆಸ್ಪತ್ರೆಯವರೂ, ‘ನೀವು ಹೇಳಿದ್ದು ಇದೇ’ ಎಂದು ಗುತ್ತಿಗೆದಾರನೂ ವಾದಿಸುವ ಪ್ರಸಂಗ ಬಂದಾಗ, ತೀರ್ಪಿಗಾಗಿ ಯಾರ ನೆನಪನ್ನೂ ಅವಲಂಬಿಸಬೇಕಾಗಿಲ್ಲ. ಪಟ್ಟಿಯ ಆ ಸಾಲನ್ನು ತೆಗೆದು, ಗಡಿಯಾರವನ್ನು ಹಿಡಿದು, ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿದರೆ ಸಾಕು.